ತ್ರಿಕರ್ಣ ಮ್ಯಾಟ್ರಿಕ್ಸಿನ ಐಗನ್ ಮೌಲ್ಯ ಎಣಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಸಿದ್ಧ ಪ್ಯಾಕೇಜನ್ನು ಕರೆದು ಉತ್ತರ ಪಡೆದು ಹೋಗುವವರಿಗೆ ಈ ಸೂಚನೆ ಬೇಡ. ಎಣಿಸುವ ಪ್ರೋಗ್ರಾಮನ್ನು ತಾವೇ ಬರೆಯುವವರಿಗೆ, ಬೇರೆಯವರು ಬರೆದಿಟ್ಟದ್ದನ್ನು ರಿಪೇರಿ ಮಾಡುವವರಿಗೆ ಇದು. ಕೆಲಸ ಇಷ್ಟೇ: ಮ್ಯಾಟ್ರಿಕ್ಸಿನ ಮುಖ್ಯ ಕರ್ಣದಲ್ಲಿ a₁, a₂, … ಇವೆ, ಅದರ ಮೇಲಿನ ಮತ್ತು ಕೆಳಗಿನ ಕರ್ಣಗಳಲ್ಲಿ ಒಂದೇ b₁, b₂, … ಇವೆ, ಉಳಿದ ಕಡೆಯೆಲ್ಲ ಸೊನ್ನೆ. ಯಾವುದಾದರೊಂದು ಸಂಖ್ಯೆ x ಹಿಡಿದು, ಅದಕ್ಕಿಂತ ಕೆಳಗೆ ಎಷ್ಟು ಐಗನ್ ಮೌಲ್ಯಗಳಿವೆ ಎಂದು ಕೇಳುತ್ತೇವೆ. ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ, ವ್ಯಾಪ್ತಿಯನ್ನು ಅರ್ಧ ಅರ್ಧ ಮಾಡುತ್ತ ಬೇಕಾದ ಮೌಲ್ಯವನ್ನು ಮೂಲೆಗೆ ತಳ್ಳಬಹುದು. ಚಿಹ್ನೆಗಳನ್ನು ಎಣಿಸುವ ಬೇರು 1829ರ ಸ್ಟರ್ಮ್ ಪ್ರಮೇಯದಲ್ಲಿದೆ. ಅದನ್ನು ಕಂಪ್ಯೂಟರಿಗೆ ಇಳಿಸಿದವರು ವಾಲೇಸ್ ಗಿವನ್ಸ್, 1954ರಲ್ಲಿ, ಅಮೆರಿಕದ ಓಕ್ ರಿಡ್ಜ್‌ನಲ್ಲಿ. ಪ್ರೋಗ್ರಾಮ್ ಹತ್ತು ಹನ್ನೆರಡು ಸಾಲಿಗಿಂತ ಉದ್ದವಿಲ್ಲ. ಆದರೆ ಅಷ್ಟರಲ್ಲೇ ಎಡವಿದವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಎಡವಿದ್ದೇನೆ.

ಏನನ್ನು ಎಣಿಸುತ್ತಿದ್ದೀರಿ ಎಂಬುದನ್ನು ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬರೆದಿಡಿ.

ಮೇಲಿನ ಎಡಮೂಲೆಯಿಂದ ಹಿಡಿದು 1×1, 2×2, 3×3 ಎಂದು ಬೆಳೆಯುವ ತುಂಡುಗಳ ನಿರ್ಧಾರಕಗಳನ್ನು ತೆಗೆದುಕೊಳ್ಳಿ. p₀ = 1, p₁ = a₁ − x, ಆಮೇಲೆ

pₖ = (aₖ − x) pₖ₋₁ − bₖ₋₁² pₖ₋₂

ಈ ಸಾಲಿನಲ್ಲಿ ಪಕ್ಕಪಕ್ಕದ ಚಿಹ್ನೆ ಎಷ್ಟು ಸಲ ಬದಲಾಗುತ್ತದೋ ಅಷ್ಟು ಐಗನ್ ಮೌಲ್ಯಗಳು x-ಗಿಂತ ಕೆಳಗಿವೆ. ಬದಲಾಗದೆ ಉಳಿದ ಜೋಡಿಗಳು x-ಗಿಂತ ಮೇಲಿರುವವುಗಳ ಲೆಕ್ಕ. ಹಳೆಯ ಪುಸ್ತಕಗಳಲ್ಲಿ ಕೆಲವು ಈ ಎರಡನೆಯದನ್ನೇ ಎಣಿಸುತ್ತವೆ. ಇನ್ನು ಕೆಲವು aₖ − x ಬದಲು x − aₖ ಎಂದು ಬರೆಯುತ್ತವೆ. ಆಗ ಮೇಲು ಕೆಳಗು ಅದಲುಬದಲಾಗುತ್ತದೆ. ಎರಡೂ ಸರಿಯೇ. ಒಂದು ಪುಸ್ತಕದಿಂದ ಸೂತ್ರವನ್ನೂ ಇನ್ನೊಂದರಿಂದ ಎಣಿಸುವ ನಿಯಮವನ್ನೂ ಎತ್ತಿಕೊಂಡರೆ ಮಾತ್ರ ಕೆಟ್ಟಿತು. ಅರ್ಧಿಸುವ ಲೂಪ್ ಆಗಲೂ ಜಗ್ಗದೆ ಓಡುತ್ತದೆ, ಯಾವುದೋ ಒಂದು ತುದಿಗೆ ಹೋಗಿ ಅಂಟಿಕೊಳ್ಳುತ್ತದೆ, ಹದಿನೈದು ಅಂಕಿಗಳ ಉತ್ತರವನ್ನು ಧೈರ್ಯವಾಗಿ ಅಚ್ಚು ಹಾಕುತ್ತದೆ.

ಮ್ಯಾಟ್ರಿಕ್ಸ್ ಸಮಮಿತಿಯದ್ದೇ ಎಂದೂ ಇದೇ ಹೊತ್ತಿಗೆ ನೋಡಿಕೊಳ್ಳಿ. ಮೇಲಿನ ಕರ್ಣದ b ಮತ್ತು ಕೆಳಗಿನ ಕರ್ಣದ c ಬೇರೆಬೇರೆ ಇದ್ದರೂ, ಪ್ರತಿ ಜೋಡಿಯ ಗುಣಲಬ್ಧ ಧನವಾಗಿದ್ದರೆ b² ಇರುವಲ್ಲಿ bc ಹಾಕಿ ಮುಂದುವರಿಯಬಹುದು. ಒಂದು ಜೋಡಿಯ ಗುಣಲಬ್ಧ ಋಣವಾದರೂ ಈ ವಿಧಾನವನ್ನು ಮುಟ್ಟಬೇಡಿ.

ನಿರ್ಧಾರಕಗಳನ್ನೇ ನೇರವಾಗಿ ಲೆಕ್ಕ ಹಾಕಬೇಡಿ.

ಕೈಯಲ್ಲಿ ಮಾಡುವ ನಾಲ್ಕು ಸಾಲಿನ ಲೆಕ್ಕಕ್ಕೆ ಮೇಲಿನ ಸೂತ್ರ ಚೆನ್ನ. ದೊಡ್ಡ ಮ್ಯಾಟ್ರಿಕ್ಸಿಗೆ ಅದು ವಿಷ. ಒಂದು ಭಾಗದಲ್ಲಿ aₖ − x ಎಲ್ಲ ಕಡೆ 10, b ಎಲ್ಲ ಕಡೆ 1 ಎಂದುಕೊಳ್ಳಿ. ಪ್ರತಿ ಹೆಜ್ಜೆಗೆ p ಸುಮಾರು 9.9 ಪಟ್ಟು ಬೆಳೆಯುತ್ತದೆ. ಡಬಲ್ ಪ್ರಿಸಿಷನ್ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ ಸುಮಾರು 1.8 × 10³⁰⁸; ಆದ್ದರಿಂದ 310ನೇ ಹೆಜ್ಜೆಗೆ p ಅನಂತವಾಗುತ್ತದೆ. ಇನ್ನೆರಡು ಹೆಜ್ಜೆ ನಡೆದರೆ ಅನಂತದಿಂದ ಅನಂತ ಕಳೆಯುವ ಪ್ರಸಂಗ ಬಂದು `NaN` ಹುಟ್ಟುತ್ತದೆ. ಅಲ್ಲಿಂದ ಮುಂದೆ ಪ್ರೋಗ್ರಾಮ್ ನಿಲ್ಲುವುದಿಲ್ಲ, ಎಚ್ಚರಿಸುವುದೂ ಇಲ್ಲ. `NaN` ಸೊನ್ನೆಗಿಂತ ಚಿಕ್ಕದೇ ಎಂದು ಕೇಳಿದರೆ ಅಲ್ಲ, ದೊಡ್ಡದೇ ಎಂದರೂ ಅಲ್ಲ. ಹಾಗಾಗಿ ಉಳಿದ ಸಾಲುಗಳಲ್ಲಿ ಚಿಹ್ನೆ ಬದಲಾವಣೆಯೇ ಕಾಣದೆ ಎಣಿಕೆ ಕಡಿಮೆ ಬೀಳುತ್ತದೆ. ಸಾವಿರ ಸಾಲಿನ ಮ್ಯಾಟ್ರಿಕ್ಸಿನ ವ್ಯಾಪ್ತಿಯ ಮೇಲಿನ ತುದಿಯಲ್ಲಿ ಎಣಿಕೆ 1000 ಬರಬೇಕಾದಲ್ಲಿ ಮುನ್ನೂರರ ಆಸುಪಾಸಿಗೆ ನಿಂತರೆ, ಕಾರಣ ಹೆಚ್ಚಾಗಿ ಇದೇ. ನಡುನಡುವೆ p-ಯನ್ನು ಕುಗ್ಗಿಸುತ್ತ ಹೋಗುವ ಉಪಾಯವೊಂದಿದೆ. ಅದಕ್ಕೆ ಪಡುವ ಪಾಡು ದಂಡ.

ಭಾಗಲಬ್ಧವನ್ನು ಹಿಡಿಯಿರಿ.

qₖ = pₖ / pₖ₋₁ ಎಂದಿಟ್ಟುಕೊಂಡರೆ ಸೂತ್ರ ಹಗುರಾಗುತ್ತದೆ: qₖ = (aₖ − x) − bₖ₋₁² / qₖ₋₁. ಪಕ್ಕದ ಎರಡು p-ಗಳ ಚಿಹ್ನೆ ಬೇರೆಯಾದಾಗಲೇ q ಋಣವಾಗುವುದು. ಆದ್ದರಿಂದ ಚಿಹ್ನೆ ಬದಲಾವಣೆ ಎಣಿಸುವುದೂ ಋಣ q-ಗಳನ್ನು ಎಣಿಸುವುದೂ ಒಂದೇ. ಬಾರ್ತ್, ಮಾರ್ಟಿನ್, ವಿಲ್ಕಿನ್ಸನ್ ಮೂವರು 1967ರಲ್ಲಿ ಪ್ರಕಟಿಸಿದ ಪ್ರೋಗ್ರಾಮ್ ಹೀಗೇ ಎಣಿಸುತ್ತದೆ. LAPACK-ನ `dstebz` ಕೂಡ ಹೀಗೇ.

ಇದನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು, ನನಗೆ ಆ ನೋಟವೇ ಇಷ್ಟ. ಮ್ಯಾಟ್ರಿಕ್ಸಿನಿಂದ x ಕಳೆದು, ಸಾಲು ಅದಲುಬದಲು ಮಾಡದೆ ಗಾಸಿಯನ್ ಎಲಿಮಿನೇಷನ್ ಮಾಡಿದಾಗ ಕರ್ಣದಲ್ಲಿ ಉಳಿಯುವ ಪಿವಟ್‌ಗಳೇ ಈ q-ಗಳು. ಪಿವಟ್‌ಗಳಲ್ಲಿ ಎಷ್ಟು ಋಣವೋ ಐಗನ್ ಮೌಲ್ಯಗಳಲ್ಲೂ ಅಷ್ಟೇ ಋಣ ಎಂದು ಸಿಲ್ವೆಸ್ಟರ್ 1852ರಲ್ಲೇ ತೋರಿಸಿದ್ದರು. x ಕಳೆದ ಮೇಲೆ ಋಣವಾಗಿರುವ ಮೌಲ್ಯವೆಂದರೆ ಮೊದಲು x-ಗಿಂತ ಕೆಳಗಿದ್ದ ಮೌಲ್ಯ ತಾನೇ.

```python
def count(a, b, x, pivmin):
    n = 0
    q = a[0] - x
    for k in range(len(a)):
        if k > 0:
            q = (a[k] - x) - b[k-1]**2 / q
        if abs(q) < pivmin:
            q = -pivmin
        if q < 0:
            n += 1
    return n
```

`pivmin` ಇರುವ ಎರಡು ಸಾಲುಗಳನ್ನು ಅಳಿಸಬೇಡಿ. “ಸೊನ್ನೆ ಎಲ್ಲಿ ಬರುತ್ತದೆ ಬಿಡಿ” ಎನ್ನಬೇಡಿ.

ಬರುತ್ತದೆ, ಅದೂ ಮೊದಲ ಹೆಜ್ಜೆಯಲ್ಲೇ. ಒಂದು ಉದಾಹರಣೆ ಹಿಡಿಯೋಣ. ನಾಲ್ಕು ಗುಂಡುಗಳನ್ನು ಐದು ಸ್ಪ್ರಿಂಗುಗಳಿಂದ ಸಾಲಾಗಿ ಕಟ್ಟಿ ಎರಡೂ ತುದಿಗಳನ್ನು ಗೋಡೆಗೆ ಬಿಗಿದರೆ ಸಿಗುವ 4×4 ಮ್ಯಾಟ್ರಿಕ್ಸ್: ಕರ್ಣದಲ್ಲಿ 2, 2, 2, 2, ಪಕ್ಕದಲ್ಲಿ −1, −1, −1. ಇದರ ಐಗನ್ ಮೌಲ್ಯಗಳು ನಮಗೆ ಮೊದಲೇ ಗೊತ್ತು: 0.381966, 1.381966, 2.618034, 3.618034. ಎಲ್ಲವೂ 0 ಮತ್ತು 4ರ ನಡುವೆ ಇವೆ. ಅರ್ಧಿಸಲು ಹೊರಟವರು ಮೊಟ್ಟಮೊದಲು ಕೇಳುವುದು x = 2. ಆಗ q₁ = 2 − 2 = 0. ಮುಂದಿನ ಸಾಲಿನಲ್ಲಿ ಅದರಿಂದ ಭಾಗಿಸಬೇಕು!

ಪಾಠ ಮಾಡುವವರು ಹೆಚ್ಚಾಗಿ ಇದೇ ಮ್ಯಾಟ್ರಿಕ್ಸನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಮನೆಗೆ ಹೋಗಿ ಮಾಡಿದ ವಿದ್ಯಾರ್ಥಿಯ ಪ್ರೋಗ್ರಾಮ್ ಮೊದಲ ಎಣಿಕೆಯಲ್ಲೇ ಕುಸಿಯುತ್ತದೆ. x = 1 ಹಾಕಿದರೆ q₂ ಸೊನ್ನೆ, x = 3 ಹಾಕಿದರೂ q₂ ಸೊನ್ನೆ. ಪೂರ್ಣಾಂಕಗಳ ಮ್ಯಾಟ್ರಿಕ್ಸಿಗೆ ದುಂಡು ಸಂಖ್ಯೆಯ ತುದಿಗಳನ್ನು ಕೊಟ್ಟರೆ ಹೀಗೇ ಆಗುವುದು.

ಸೊನ್ನೆ ಬಂದಾಗ ಅಲ್ಲಿ ತೀರ ಸಣ್ಣ ಸಂಖ್ಯೆ ε ಇಡಬೇಕು. ಮೇಲಿನ ಪ್ರೋಗ್ರಾಮಿನಂತೆ −ε ಇಟ್ಟು ನೋಡಿ: q₁ = −ε, q₂ = +1/ε, q₃ = −ε, q₄ = +1/ε. ಋಣ ಎರಡು, 2-ಕ್ಕಿಂತ ಕೆಳಗೆ ಎರಡು ಮೌಲ್ಯ. ಸರಿ. +ε ಇಟ್ಟಿದ್ದರೂ ಋಣ ಎರಡೇ ಬರುತ್ತಿತ್ತು, q₂ ಮತ್ತು q₄. ನಡುವೆ ಬರುವ ಸೊನ್ನೆಗೆ ಯಾವ ಚಿಹ್ನೆ ಕೊಟ್ಟರೂ ಲೆಕ್ಕ ಕೆಡುವುದಿಲ್ಲ. ಏಕೆಂದರೆ b ಸೊನ್ನೆಯಲ್ಲದಿದ್ದರೆ, ಸೊನ್ನೆಯಾದ p-ಯ ಎಡಬಲದ p-ಗಳು ವಿರುದ್ಧ ಚಿಹ್ನೆಯವೇ ಆಗಿರುತ್ತವೆ. ಬದಲಾವಣೆ ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಎಂಬುದಷ್ಟೇ ವ್ಯತ್ಯಾಸ.

ಇದನ್ನು ನೋಡಿ ಸಮಾಧಾನ ಪಟ್ಟುಕೊಳ್ಳುವ ಮೊದಲು ಒಂದು ಗುಂಡು ತೆಗೆದುಬಿಡಿ. ಮೂರು ಗುಂಡುಗಳ ಮ್ಯಾಟ್ರಿಕ್ಸಿನ ಮೌಲ್ಯಗಳು 2 − √2, 2, 2 + √2. ಈಗ x = 2 ಎಂದರೆ −ε ಇಟ್ಟವರಿಗೆ ಎಣಿಕೆ 2, +ε ಇಟ್ಟವರಿಗೆ ಎಣಿಕೆ 1. ಇಲ್ಲಿ x ಸ್ವತಃ ಐಗನ್ ಮೌಲ್ಯ, ಸೊನ್ನೆ ಕೊನೆಯ ಸ್ಥಾನದಲ್ಲೂ ಬಿದ್ದಿದೆ, ಅದಕ್ಕೆ ಆಚೆ ಸಾಕ್ಷಿ ಹೇಳುವ ನೆರೆಯವರಿಲ್ಲ. −ε ಇಡುವುದೆಂದರೆ “x ಅಥವಾ ಅದಕ್ಕಿಂತ ಕೆಳಗೆ” ಎಂದು ಎಣಿಸಿದಂತೆ. +ε ಇಡುವುದೆಂದರೆ “x-ಗಿಂತ ಕಡ್ಡಾಯವಾಗಿ ಕೆಳಗೆ” ಎಂದಂತೆ. ಯಾವುದನ್ನಾದರೂ ಆರಿಸಿಕೊಳ್ಳಿ, ಒಂದಕ್ಕೇ ಅಂಟಿಕೊಳ್ಳಿ. `dstebz` ಆರಿಸಿಕೊಂಡಿರುವುದು −ε ದಾರಿಯನ್ನು.

ε ಎಷ್ಟಿರಬೇಕು? 10⁻¹⁰ ಎಂದು ಬಾಯಿಗೆ ಬಂದದ್ದನ್ನು ಹಾಕಬೇಡಿ. ಅದು ಉತ್ತರವನ್ನೇ ಅಲುಗಿಸೀತು. ಡಬಲ್ ಪ್ರಿಸಿಷನ್ನಿನ ಅತಿ ಸಣ್ಣ ಸಾಮಾನ್ಯ ಸಂಖ್ಯೆ ಸುಮಾರು 2.2 × 10⁻³⁰⁸. ಅದನ್ನು b²-ಗಳಲ್ಲಿ ಅತಿ ದೊಡ್ಡದರಿಂದ ಗುಣಿಸಿ; ಎಲ್ಲ b²-ಗಳೂ 1-ಕ್ಕಿಂತ ಚಿಕ್ಕವಾದರೆ 1-ರಿಂದ ಗುಣಿಸಿ. ಹೀಗೆ ಮಾಡಿದರೆ b²/ε ಎಂದೂ 4.5 × 10³⁰⁷ ದಾಟುವುದಿಲ್ಲ, ಅಂದರೆ ಉಕ್ಕುವುದಿಲ್ಲ. ಭಾಗಿಸಿದಾಗ ಅನಂತ ಬಂದರೂ ಮುಂದಿನ ಹೆಜ್ಜೆಯಲ್ಲಿ ತಾನೇ ಸರಿಹೋಗುತ್ತದೆ ಎನ್ನುವವರಿದ್ದಾರೆ. b ಸೊನ್ನೆಯಲ್ಲದ ಕಡೆ ಆ ಮಾತು ನಿಜವೇ. ಆದರೆ b-ಯೂ ಸೊನ್ನೆ, q-ವೂ ಸೊನ್ನೆಯಾದ ದಿನ 0/0 ಎಂದು ಅದೇ `NaN` ಬಂದು ಕೂರುತ್ತದೆ.

ಅರ್ಧಿಸುವ ಮೊದಲು ಎರಡೂ ತುದಿಗಳಲ್ಲಿ ಎಣಿಸಿ ನೋಡಿ.

ತುದಿಗಳನ್ನು ಊಹಿಸಬೇಡಿ. ಪ್ರತಿ ಸಾಲಿನಲ್ಲಿ ಕರ್ಣದ ಸಂಖ್ಯೆಗೆ ಪಕ್ಕದ b-ಗಳ ಗಾತ್ರಗಳನ್ನು ಕೂಡಿ, ಕಳೆದು, ಎಲ್ಲ ಸಾಲುಗಳಲ್ಲಿ ಅತಿ ಕೆಳಗಿನದನ್ನೂ ಅತಿ ಮೇಲಿನದನ್ನೂ ತೆಗೆದುಕೊಳ್ಳಿ. ಇದು ಗೆರ್ಶ್‌ಗೊರಿನ್ ಕೊಟ್ಟ ಬೇಲಿ. ನಾಲ್ಕು ಗುಂಡುಗಳಿಗೆ ಅದು 0 ಮತ್ತು 4. ದುಂಡಾಂಕದ ದೋಷಕ್ಕಾಗಿ ಬೇಲಿಯನ್ನು ಕೂದಲೆಳೆಯಷ್ಟು ಹೊರಕ್ಕೆ ಸರಿಸಿ. ಕೆಳತುದಿಯಲ್ಲಿ ಎಣಿಕೆ 0, ಮೇಲ್ತುದಿಯಲ್ಲಿ n ಬರಲೇಬೇಕು. ನಮ್ಮ ಮ್ಯಾಟ್ರಿಕ್ಸಿಗೆ x = 0 ಎಂದರೆ q-ಗಳು 2, 1.5, 1.333, 1.25, ಎಲ್ಲ ಧನ. x = 4 ಎಂದರೆ ಅವೇ ಸಂಖ್ಯೆಗಳು, ಎಲ್ಲ ಋಣ. ಈ ಪರೀಕ್ಷೆಯಲ್ಲಿ ಫೇಲಾದ ಪ್ರೋಗ್ರಾಮನ್ನು ಮುಂದಕ್ಕೆ ಓಡಿಸಕೂಡದು.

ಈಗ ಕೆಳಗಿನಿಂದ ಎರಡನೆಯ ಮೌಲ್ಯ ಹುಡುಕೋಣ. ನಿಯಮ ಒಂದೇ: ನಡುಬಿಂದುವಿನಲ್ಲಿ ಎಣಿಕೆ 2 ಅಥವಾ ಹೆಚ್ಚು ಬಂದರೆ ಮೇಲ್ತುದಿಯನ್ನು ಅಲ್ಲಿಗೆ ಇಳಿಸಿ, ಇಲ್ಲವಾದರೆ ಕೆಳತುದಿಯನ್ನು ಅಲ್ಲಿಗೆ ಏರಿಸಿ. x = 2ರಲ್ಲಿ ಎಣಿಕೆ 2, ಮೇಲ್ತುದಿ 2 ಆಯಿತು. x = 1ರಲ್ಲಿ ಎಣಿಕೆ 1, ಕೆಳತುದಿ 1. x = 1.5ರಲ್ಲಿ q-ಗಳು 0.5, −1.5, 1.167, −0.357, ಋಣ ಎರಡು, ಮೇಲ್ತುದಿ 1.5. x = 1.25ರಲ್ಲಿ 0.75, −0.583, 2.464, 0.344, ಋಣ ಒಂದೇ, ಕೆಳತುದಿ 1.25. x = 1.375ರಲ್ಲಿ 0.625, −0.975, 1.651, 0.019, ಮತ್ತೆ ಒಂದೇ. ಈ ಕೊನೆಯ 0.019 ನೋಡಿ: ಮೌಲ್ಯ ಇನ್ನೇನು ಪಕ್ಕದಲ್ಲೇ ಇದೆ ಎಂದು ಪಿಸುಗುಡುತ್ತಿದೆ. ಕೇಳಿಸಿಕೊಳ್ಳಬೇಡಿ. ನಮಗೆ ಬೇಕಿರುವುದು ಚಿಹ್ನೆ ಮಾತ್ರ. q-ವಿನ ಗಾತ್ರ ನಂಬಿ ಹೆಜ್ಜೆ ಹಾರಿಸಿದವರು ಮುಂದೆ ಹೇಳುವ ಜೋಡಿ ಮೌಲ್ಯಗಳ ಹತ್ತಿರ ಮುಗ್ಗರಿಸುತ್ತಾರೆ. ಅಗಲ 4 ಇದ್ದದ್ದು 22 ಸಲ ಅರ್ಧವಾದರೆ 10⁻⁶-ಕ್ಕಿಂತ ಕೆಳಗಿಳಿಯುತ್ತದೆ.

ಒಂದು ಎಣಿಕೆಯನ್ನು ಒಂದೇ ಮೌಲ್ಯಕ್ಕೆ ಖರ್ಚು ಮಾಡಿ ಎಸೆಯಬೇಡಿ. x = 2ರಲ್ಲಿ ಎಣಿಕೆ 2 ಎಂದರೆ ಮೊದಲಿನ ಎರಡಕ್ಕೂ ಮೇಲ್ತುದಿ ಸಿಕ್ಕಿತು, ಕೊನೆಯ ಎರಡಕ್ಕೂ ಕೆಳತುದಿ ಸಿಕ್ಕಿತು. ಅದನ್ನು ಎಲ್ಲರ ಖಾತೆಗೂ ಬರೆದುಕೊಳ್ಳಿ.

ನಿರ್ಧಾರಕ ಎಲ್ಲಿ ಚಿಹ್ನೆ ಬದಲಿಸುತ್ತದೆ ಎಂದು ಹುಡುಕುತ್ತ ಹೋಗಬೇಡಿ.

ಶಾಲೆಯಲ್ಲಿ ಕಲಿತ ಅರ್ಧಿಸುವ ವಿಧಾನ ಅದು: f ಒಂದು ತುದಿಯಲ್ಲಿ ಧನ, ಇನ್ನೊಂದರಲ್ಲಿ ಋಣ, ನಡುವೆ ಮೂಲ. ಇಲ್ಲಿ ಅದು ಸಾಲದು. ವಿಲ್ಕಿನ್ಸನ್ ಹೆಸರಿನ 21×21 ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಕರ್ಣದಲ್ಲಿ 10, 9, 8 ಎಂದು ಇಳಿದು 0 ಮುಟ್ಟಿ ಮತ್ತೆ 10-ಕ್ಕೆ ಏರುತ್ತದೆ, ಪಕ್ಕದಲ್ಲೆಲ್ಲ 1. ಅದರ ಅತಿ ದೊಡ್ಡ ಎರಡು ಮೌಲ್ಯಗಳು

10.746194182903322
10.746194182903393

ಅಂತರ ಸುಮಾರು 7 × 10⁻¹⁴. x = 10.7461941829ರಲ್ಲೂ 10.7461941830ರಲ್ಲೂ ನಿರ್ಧಾರಕದ ಚಿಹ್ನೆ ಒಂದೇ. ನಡುವೆ ಎರಡು ಮೂಲ ದಾಟಿಹೋದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಎಣಿಕೆ ಮಾತ್ರ ಮೊದಲನೆಯ ಕಡೆ 19, ಎರಡನೆಯ ಕಡೆ 21. ಎರಡು ಮೌಲ್ಯಗಳು ಇಲ್ಲಿ ಅಡಗಿವೆ ಎಂದು ಅದು ಬೆರಳು ಮಾಡಿ ತೋರಿಸುತ್ತದೆ. ನೀವು 10⁻¹²-ಕ್ಕೆ ನಿಲ್ಲಿಸುವವರಾದರೆ ಎರಡೂ ಒಂದೇ ಕಿರುವ್ಯಾಪ್ತಿಯಲ್ಲಿ ಸಿಗುತ್ತವೆ. ಆಗ ವರದಿಯಲ್ಲಿ “ಇಲ್ಲಿ 2” ಎಂದೇ ಬರೆಯಬೇಕು, ಒಂದನ್ನು ನುಂಗಕೂಡದು. ಅವು ಒಂದೇ ಮೌಲ್ಯ ಎಂದೂ ಹೇಳಕೂಡದು. b ಯಾವುದೂ ಸೊನ್ನೆಯಲ್ಲದ ತ್ರಿಕರ್ಣ ಸಮಮಿತಿಯ ಮ್ಯಾಟ್ರಿಕ್ಸಿನಲ್ಲಿ ಎರಡು ಐಗನ್ ಮೌಲ್ಯಗಳು ಎಂದೂ ಕೂಡುವುದಿಲ್ಲ, ಎಷ್ಟೇ ಹತ್ತಿರ ಬಂದರೂ. ಇಲ್ಲಿ b ಒಂದೊಂದೂ 1, ಸಣ್ಣದೇನಲ್ಲ. ಹಾಗಿದ್ದೂ ಮೌಲ್ಯಗಳು ಹೀಗೆ ಅಂಟಿಕೊಂಡಿವೆ. b-ಗಳನ್ನು ಕಣ್ಣಳತೆಯಲ್ಲಿ ನೋಡಿ “ಇಲ್ಲಿ ಜೋಡಿ ಇರಲಾರದು” ಎನ್ನುವುದು ತಪ್ಪು.

ಸಾಧ್ಯವಿಲ್ಲದ ನಿಖರತೆ ಕೇಳಬೇಡಿ.

10.7ರ ಆಸುಪಾಸಿನಲ್ಲಿ ಪಕ್ಕಪಕ್ಕದ ಎರಡು ಡಬಲ್ ಸಂಖ್ಯೆಗಳ ನಡುವೆ 1.8 × 10⁻¹⁵ ಅಂತರವಿದೆ. ಅಲ್ಲಿ ಅಗಲ 10⁻¹⁶ ಆಗುವವರೆಗೆ ಅರ್ಧಿಸು ಎಂದರೆ ಲೂಪ್ ಮುಗಿಯುವುದೇ ಇಲ್ಲ. ನಡುಬಿಂದು ತುದಿಯ ಮೇಲೇ ಬಂದು ಕೂರುತ್ತದೆ, ಅಗಲ ಕುಗ್ಗುವುದಿಲ್ಲ. ಇಂಥದ್ದೊಂದನ್ನು ನಾನು ಸಂಜೆ ಓಡಲು ಬಿಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದಾಗ ಅದು ಅದೇ ಎರಡು ಸಂಖ್ಯೆಗಳ ನಡುವೆ ನಿಂತಲ್ಲೇ ಕಾಲು ಬಡಿಯುತ್ತಿತ್ತು. ನಡುಬಿಂದು ಯಾವುದಾದರೂ ತುದಿಗೆ ಸಮವಾದ ಕೂಡಲೇ ನಿಲ್ಲಿಸುವ ಸಾಲೊಂದನ್ನು ಬರೆಯಿರಿ.

ಸಣ್ಣ ಮೌಲ್ಯಗಳಿಗೆ ಬೇರೆಯದೇ ಮಿತಿ ಇದೆ. ದುಂಡಾಂಕದ ದೋಷದಿಂದ ಎಣಿಕೆ ಹಾಳಾಗುವುದು ತೀರ ಕಡಿಮೆ: ಕಂಪ್ಯೂಟರ್ ಕೊಟ್ಟ ಎಣಿಕೆ, b-ಗಳು ಕೊನೆಯ ಅಂಕಿಯಲ್ಲಿ ಚೂರು ಬದಲಾದ ಮ್ಯಾಟ್ರಿಕ್ಸಿನ ನಿಜವಾದ ಎಣಿಕೆಯೇ ಆಗಿರುತ್ತದೆ. ಆದರೆ ಆ ಚೂರು ಬದಲಾವಣೆ ಮೌಲ್ಯಗಳನ್ನು ಮ್ಯಾಟ್ರಿಕ್ಸಿನ ಒಟ್ಟು ಗಾತ್ರಕ್ಕೆ ತಕ್ಕಂತೆ ಅಲುಗಿಸುತ್ತದೆ, ಆಯಾ ಮೌಲ್ಯದ ಗಾತ್ರಕ್ಕೆ ತಕ್ಕಂತೆ ಅಲ್ಲ. ಸಾವಿರ ಗುಂಡುಗಳ ಸಾಲಿನಲ್ಲಿ ಅತಿ ದೊಡ್ಡ ಮೌಲ್ಯ 4ರ ಹತ್ತಿರ, ಅತಿ ಸಣ್ಣದು 9.85 × 10⁻⁶. ದೋಷ 10⁻¹⁵ ಮಟ್ಟದ್ದು. ಆದ್ದರಿಂದ ಆ ಸಣ್ಣ ಮೌಲ್ಯದಲ್ಲಿ ಸುಮಾರು ಹತ್ತು ಅಂಕಿಗಳಿಗೆ ಮಾತ್ರ ಹೊಣೆ ಹೊರಬಹುದು, ಅಚ್ಚಾಗುವ ಹದಿನಾರಕ್ಕೂ ಅಲ್ಲ.

ಎರಡು ಬಗೆಯ ಎಣಿಕೆಗಳನ್ನು ಬೆರೆಸಬೇಡಿ.

ಕಂಸವನ್ನು ಬರೆದಂತೆಯೇ ಬಿಡಿ: ಮೊದಲು aₖ − x, ಆಮೇಲೆ ಭಾಗಲಬ್ಧ ಕಳೆಯುವುದು. ಹೀಗೆ ಸಾಲಾಗಿ ನಡೆದರೆ, x ಏರಿದಾಗ ಎಣಿಕೆ ಇಳಿಯದು ಎಂಬ ಭರವಸೆ ಇಂದಿನ ಪ್ರಮಾಣಿತ ಅಂಕಗಣಿತದಲ್ಲೂ ಉಳಿಯುತ್ತದೆ. ಕಾಹನ್ 1966ರಲ್ಲೇ ಇದನ್ನು ಕಂಡಿದ್ದರು. `-ffast-math` ಹಾಕಿ ಕಂಪೈಲ್ ಮಾಡಿದರೆ ಕ್ರಮ ಬದಲಾಗಬಹುದು, `NaN` ಪರೀಕ್ಷೆಗಳೂ ಮಾಯವಾಗಬಹುದು. ಅದನ್ನು ಹಾಕಬೇಡಿ. ಒಂದೇ ಮ್ಯಾಟ್ರಿಕ್ಸಿನ ಮೇಲಿನರ್ಧವನ್ನು ಒಂದು ಯಂತ್ರ, ಕೆಳಗಿನರ್ಧವನ್ನು ಬೇರೆ ಬಗೆಯಲ್ಲಿ ಕಂಪೈಲ್ ಆದ ಇನ್ನೊಂದು ಯಂತ್ರ ಹುಡುಕಿದರೆ, ಗಡಿಯಲ್ಲಿರುವ ಮೌಲ್ಯವನ್ನು ಇಬ್ಬರೂ ತಮ್ಮದೆನ್ನಬಹುದು, ಅಥವಾ ಇಬ್ಬರೂ ಕೈಬಿಡಬಹುದು. ಗಡಿಯ ಎಣಿಕೆಯನ್ನು ಒಬ್ಬರೇ ಮಾಡಿ ಇಬ್ಬರಿಗೂ ಕೊಡಲಿ.

ಎಲ್ಲ ಮೌಲ್ಯಗಳನ್ನೂ ಹುಡುಕಿದ್ದರೆ, ಒಪ್ಪಿಸುವ ಮೊದಲು ಕೂಡಿ ನೋಡಿ.

ಮೌಲ್ಯಗಳ ಮೊತ್ತ ಕರ್ಣದ ಮೊತ್ತಕ್ಕೆ ಸಮವಿರಬೇಕು. ಅವುಗಳ ವರ್ಗಗಳ ಮೊತ್ತ, a²-ಗಳ ಮೊತ್ತಕ್ಕೆ b²-ಗಳ ಮೊತ್ತದ ಎರಡರಷ್ಟನ್ನು ಸೇರಿಸಿದಷ್ಟಿರಬೇಕು. ನಾಲ್ಕು ಗುಂಡುಗಳಿಗೆ ಇವು 8 ಮತ್ತು 22. ಮೊತ್ತ 8 ಬರುವಲ್ಲಿ 6.764 ಬಂದರೆ, 2.618034 ಇರಬೇಕಾದ ಮೂರನೆಯ ಜಾಗದಲ್ಲಿ 1.381966 ಎರಡನೇ ಸಲ ಬಂದು ಕೂತಿದೆ ಎಂದೇ ಅರ್ಥ. ಅರ್ಧಿಸುವ ಲೂಪಿನಲ್ಲಿ ಎಣಿಕೆಯನ್ನು ಮೂರಕ್ಕೆ ಹೋಲಿಸುವ ಬದಲು ಎರಡಕ್ಕೆ ಹೋಲಿಸಿದ ಸಾಲನ್ನು ಹುಡುಕಿ.